ಪಿಎಫ್ ಸಾಲು ಖಾಲಿಯಿದ್ದ ಹತ್ತು ತಿಂಗಳು

ಕಾಲರ್ ಅಕ್ಕನಿಗೆ ಮೋಸವಾಯಿತು ಎಂದು ಈಗ ಫ್ಯಾಕ್ಟರಿಯಲ್ಲಿ ಎಲ್ಲರೂ ಲೊಚಗುಟ್ಟುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಮೋಸವೇನು ಮಳೆಯೇ, ತಾನಾಗಿ ಬಂದು ಹೋಗುವುದಕ್ಕೆ? ಅದನ್ನು ಒಬ್ಬರು ಯೋಚಿಸಬೇಕು, ಒಬ್ಬರು ನಯವಾಗಿ ಒಪ್ಪಿಸಬೇಕು, ಒಬ್ಬರು ಪತ್ರ ಬರೆದು ಬೆರಳಿಟ್ಟು "ಇಲ್ಲಿ ಸಹಿ ಹಾಕಿ" ಎಂದು ತೋರಿಸಬೇಕು. ಆ ಮೂರನೆಯವನನ್ನು ನಾನು ಚೆನ್ನಾಗಿ ಬಲ್ಲೆ. ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅವನಿಗೆ ಗಡ್ಡ ಕೆರೆಯುತ್ತೇನೆ.

ನಾನು ಆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನ ಗುಮಾಸ್ತ. ಹಾಜರಿ, ಓಟಿ, ಸಂಬಳದ ಸ್ಲಿಪ್ಪು, ಪಿಎಫ್ ಫಾರ್ಮು ಎಲ್ಲ ನನ್ನ ಕಿಟಕಿಯಿಂದಲೇ ಹೋಗಬೇಕು. ಅಕ್ಕ ಶರ್ಟಿಗೆ ಕಾಲರ್ ಕೂರಿಸುವವಳು. ಮೂವತ್ತೇಳನೇ ವಯಸ್ಸಿಗೆ ಬಂದು ಎರಡನೇ ಲೈನಿನ ನಾಲ್ಕನೇ ಮಿಷನ್ ಮುಂದೆ ಕೂತವಳು, ಐವತ್ತೆಂಟಕ್ಕೇ ಎದ್ದದ್ದು. ಕಾಲರಿನ ತುದಿ ಎರಡೂ ಕಡೆ ಒಂದೇ ಸಮ ಬರಬೇಕು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಚೆಕಿಂಗ್‌ನಲ್ಲಿ ವಾಪಸ್. ಅವಳದ್ದು ವಾಪಸ್ ಬಂದದ್ದನ್ನು ನಾನು ನೋಡಿಲ್ಲ. ಹೊಸ ಹುಡುಗಿಯರು ಅಳುತ್ತ ಕೂತರೆ, "ಕಾಲರ್ ಅಂದ್ರೆ ಕುತ್ತಿಗೆಗೆ ಹಾಕೋದು ಕಣ್ರೇ, ನಿಮ್ಮ ಕುತ್ತಿಗೆಗೆ ತಂದ್ಕೋಬೇಡಿ" ಎಂದು ನಗಿಸುತ್ತಿದ್ದಳು.

ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದ. ಅಂದಿನಿಂದ ತಮ್ಮನ ಮನೆ. ಮನೆ ಎಂದರೆ ಎರಡು ಕೋಣೆ, ಅಡುಗೆಮನೆಯ ಮೂಲೆಯಲ್ಲಿ ಅಕ್ಕನ ಹಾಸಿಗೆ. ಬೆಳಿಗ್ಗೆ ನಾದಿನಿ ಹಾಲು ಕಾಯಿಸಲು ಬರುವುದರೊಳಗೆ ಅದನ್ನು ಸುತ್ತಿಡಬೇಕು. ಇಪ್ಪತ್ತೊಂದು ವರ್ಷ ಅವಳಿಗಿದ್ದದ್ದು ಒಂದೇ ಆಸೆ. ರಿಟೈರ್ ಆದಮೇಲೆ ಬಾಗಿಲಿರುವ ಒಂದು ರೂಮು ಮಾಡಿಕೊಳ್ಳಬೇಕು, ಒಳಗಿನಿಂದ ಚಿಲಕ ಹಾಕಿಕೊಂಡು ಏಳು ಗಂಟೆಯವರೆಗೆ ಮಲಗಬೇಕು. ಅದಕ್ಕೆ ಅಡ್ವಾನ್ಸೇ ಒಂದು ಲಕ್ಷ ಕೇಳುತ್ತಿದ್ದರು.

ಹೆಂಗಸರಲ್ಲಿ ಹೆಚ್ಚಿನವರು ಸ್ಲಿಪ್ ಕೊಟ್ಟರೆ ಕೆಳಗಿನ ಮೊತ್ತ ನೋಡಿ ಮಡಚಿ ರವಿಕೆಯೊಳಗೆ ಸೇರಿಸುತ್ತಾರೆ. ಅಕ್ಕ ಹಾಗಲ್ಲ. ಮೊದಲ ತಿಂಗಳೇ ಕಿಟಕಿಗೆ ಬಂದು, "ಇಲ್ಲಿ ಎರಡು ಕಡೆ ಕತ್ತರಿ ಆಡ್ಸಿದ್ದೀರಲ್ಲ, ಏನಿದು?" ಎಂದು ಕೇಳಿದ್ದಳು. ನಾನು ಆಗ ಹೊಸಬ, ಹೇಳಿಕೊಡುವ ಹುಮ್ಮಸ್ಸಿತ್ತು. ಪಿಎಫ್ ಅಂದರೆ ಬೇಸಿಕ್ ಮತ್ತು ಡಿಎ ಸೇರಿಸಿದ್ದರಲ್ಲಿ ನೂರಕ್ಕೆ ಹನ್ನೆರಡು. ನಿಮ್ಮಿಂದ ಅಷ್ಟು, ಕಂಪನಿಯೂ ಅಷ್ಟೇ ಹಾಕಬೇಕು. ಕಂಪನಿ ಹಾಕುವುದರಲ್ಲಿ ದೊಡ್ಡ ಪಾಲು ಪಿಂಚಣಿಗೆ ಹೋಗುತ್ತದೆ, ಉಳಿದದ್ದು ನಿಮ್ಮ ಪಿಎಫ್ ಖಾತೆಗೆ. ಇಎಸ್‌ಐ ಅಂದರೆ ವಿಮೆ. ನಿಮ್ಮಿಂದ ಪುಡಿಗಾಸು, ಕಂಪನಿಯಿಂದ ಅದರ ಕೆಲವು ಪಟ್ಟು. ಕಾಯಿಲೆಯಾದರೆ, ಕೆಲಸದಲ್ಲಿ ಪೆಟ್ಟಾದರೆ ಆಸ್ಪತ್ರೆ ಖರ್ಚು ಅವರದ್ದು.

"ನಿಮ್ಮ ಸ್ಲಿಪ್ಪಲ್ಲೂ ಇದೇ ಇದ್ಯಾ?" ಎಂದಳು.

ನನ್ನದನ್ನು ತೋರಿಸಿದೆ. ಸ್ಟಾಫಿನವರ ಸಂಬಳ ಇಎಸ್‌ಐ ಮಿತಿ ದಾಟುತ್ತದೆ. ಅದಕ್ಕೇ ನಮಗೆ ಇಎಸ್‌ಐ ಇಲ್ಲ, ಕಂಪನಿಯ ಗುಂಪು ವಿಮೆ, ಅದರ ಪ್ರೀಮಿಯಂ ಕಡಿತ. ಜೊತೆಗೆ ವೃತ್ತಿ ತೆರಿಗೆ ಇನ್ನೂರು. ಅದು ಸರ್ಕಾರಕ್ಕೆ ಹೋಗುವುದು, ವಾಪಸ್ ಬರುವುದಿಲ್ಲ. ನಿಮ್ಮ ಸಂಬಳ ಆ ತೆರಿಗೆಯ ಮಿತಿಗಿಂತ ಕಡಿಮೆ, ಹಾಗಾಗಿ ನಿಮಗಿಲ್ಲ ಎಂದೆ.

"ಬಡವಿಯಾಗಿದ್ದಕ್ಕೆ ಇನ್ನೂರು ಉಳೀತು ಬಿಡಿ" ಎಂದು ನಕ್ಕಳು. "ಅಂದ್ರೆ ನನ್ನ ಸ್ಲಿಪ್ಪಲ್ಲಿ ಕಟ್ ಆಗಿದ್ದೆಲ್ಲ ನನಗೇ ಬರೋದು?"

"ಹೂಂ ಅಕ್ಕ, ಎಲ್ಲ ನಿಮಗೇ."

ಅವತ್ತು ನಾನು ಗ್ರಾಚ್ಯುಟಿಯ ಹೆಸರೆತ್ತಲಿಲ್ಲ. ಅದು ಸ್ಲಿಪ್ಪಿನಲ್ಲಿ ಇರುವುದೇ ಇಲ್ಲವಲ್ಲ! ಕೆಲಸಗಾರರಿಂದ ಒಂದು ಪೈಸೆ ಕಡಿಯದೆ ಕಂಪನಿ ತನ್ನ ಜೇಬಿನಿಂದಲೇ ಕೊಡಬೇಕಾದ ಹಣ ಅದು. ಐದು ವರ್ಷ ಬಿಡದೆ ಕೆಲಸ ಮಾಡಿದವರು ಬಿಟ್ಟು ಹೋಗುವಾಗ, ಕೊನೆಯ ಬೇಸಿಕ್ ಮತ್ತು ಡಿಎ ಲೆಕ್ಕದಲ್ಲಿ ವರ್ಷಕ್ಕೆ ಹದಿನೈದು ದಿನದ ಸಂಬಳ. ಕಡಿತದ ಕಾಲಂನಲ್ಲಿ ಕಾಣದ್ದರಿಂದ ಹೊಲಿಯುವ ಹೆಂಗಸರಿಗೆ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಕಟ್ ಆದದ್ದು ಮಾತ್ರ ತಮ್ಮದು ಎಂದುಕೊಂಡಿದ್ದರು. ಹಾಗೆ ಹೇಳಿಕೊಟ್ಟವನೂ ನಾನೇ.

ನಮ್ಮಲ್ಲೊಂದು ಪದ್ಧತಿ ಇತ್ತು. ಹೆಂಗಸರು ಅದಕ್ಕೆ 'ಹುಂಡಿ ಒಡೆಯೋದು' ಎನ್ನುತ್ತಿದ್ದರು. ಯಾರಿಗಾದರೂ ಮೂರೂವರೆ, ನಾಲ್ಕು ವರ್ಷವಾಗುತ್ತ ಬಂತೆಂದರೆ ಸಿಬ್ಬಂದಿ ವಿಭಾಗದ ಮ್ಯಾನೇಜರ್ ತಾನಾಗಿಯೇ ಕರೆದು ಕೂರಿಸಿ, ಟೀ ತರಿಸಿ, "ಏನಮ್ಮಾ, ಮಕ್ಕಳ ಫೀಸು, ಅದು ಇದು ಖರ್ಚಿರುತ್ತೆ. ರಾಜೀನಾಮೆ ಕೊಟ್ರೆ ಪಿಎಫ್ ಪೂರ್ತಿ ಕೈಗೆ ಬರುತ್ತೆ. ಕೆಲಸಕ್ಕೇನೂ ಭಯ ಇಲ್ಲ, ಮಾರನೇ ದಿನಾನೇ ಬಂದು ಮಿಷನ್ ಮುಂದೆ ಕೂರಿ, ಆಮೇಲೆ ಹೊಸ ಟೋಕನ್ ನಂಬರ್ ಕೊಡ್ತೀವಿ" ಎನ್ನುತ್ತಿದ್ದ. ಮಿಷನ್ ಮುಂದೆ ಕೂತವರಿಗೆ ಟೀ ಕೊಟ್ಟರೇ ಕಣ್ಣು ತುಂಬುತ್ತದೆ. ಅದರ ಮೇಲೆ ಮೂವತ್ತು ನಲವತ್ತು ಸಾವಿರ! ಸಹಿ ಬೀಳುತ್ತಿತ್ತು.

ಪಿಎಫ್ ಪೂರ್ತಿ ಬಿಡಿಸಬೇಕಾದರೆ ಎರಡು ತಿಂಗಳು ಕೆಲಸವಿಲ್ಲದೆ ಇರಬೇಕು ಎಂಬ ನಿಯಮವಿದೆ. ಅದಕ್ಕೇ ಆ ಎರಡು ತಿಂಗಳ ಸ್ಲಿಪ್ಪಿನಲ್ಲಿ ಪಿಎಫ್ ಸಾಲು ಖಾಲಿ. ಕಾಗದದ ಮೇಲೆ ಹೆಂಗಸು ಮನೆಯಲ್ಲಿ, ನಿಜದಲ್ಲಿ ಮಿಷನ್ ಮುಂದೆ. ಕಡಿತ ಕಡಿಮೆಯಾಗಿ ಕೈಗೆ ಬರುವುದು ಹೆಚ್ಚಾದಾಗ ಅವರಿಗೋ ಖುಷಿಯೋ ಖುಷಿ. 'ತುಂಬು ಸಂಬಳದ ತಿಂಗಳು' ಎಂದು ಅದಕ್ಕೊಂದು ಹೆಸರು ಬೇರೆ. ಐದು ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪಿಎಫ್ ಜೊತೆಗೆ ಪಿಂಚಣಿ ಭಾಗವನ್ನೂ ಬಿಡಿಸುವ ಫಾರ್ಮು ಇರುತ್ತದೆ, ಅದನ್ನೂ ಒಟ್ಟಿಗೇ ಪಿನ್ ಮಾಡಿಬಿಡುತ್ತಿದ್ದೆ. ಹತ್ತು ವರ್ಷದ ಸೇವೆ ಸೇರಿದ್ದರೆ ಐವತ್ತೆಂಟಕ್ಕೆ ತಿಂಗಳು ತಿಂಗಳು ಬರಬೇಕಾದ ಪಿಂಚಣಿ, ನಾಲ್ಕೈದು ಸಾವಿರದ ಚಿಲ್ಲರೆಗೆ ಕೈಬಿಟ್ಟು ಹೋಗುತ್ತಿತ್ತು.

ಕಾಲರ್ ಅಕ್ಕ ಹೀಗೆ ಐದು ಸಲ ಹುಂಡಿ ಒಡೆದಳು. ಮೊದಲನೆಯದು ತಮ್ಮನ ಮದುವೆಗೆ, ಎರಡನೆಯದು ಅವನ ಆಟೋಗೆ, ಉಳಿದವು ಅವನ ಮಕ್ಕಳ ಫೀಸಿಗೆ. ತಮ್ಮ ಒಮ್ಮೆಯೂ "ನಿನಗೆ ಬೇಡವೇನಕ್ಕಾ" ಎಂದು ಕೇಳಲಿಲ್ಲ. ಐದೂ ರಾಜೀನಾಮೆ ಪತ್ರ ಬರೆದವನು ನಾನು, 'ಮನೆಯ ಕಾರಣಗಳಿಂದಾಗಿ' ಎಂದು ಮುದ್ದಾದ ಅಕ್ಷರದಲ್ಲಿ. ಒಂದು ಫಾರ್ಮು ತುಂಬಿದರೆ ಹೆಂಗಸರು ಇಪ್ಪತ್ತು ರೂಪಾಯಿ ಕೊಡುತ್ತಿದ್ದರು. ಬೇಡವೆಂದವನಲ್ಲ ನಾನು.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಮ್ಯಾನೇಜರಿಗೆ ಎದುರಾಡಿದರೆ ಕುರ್ಚಿ ಹೋಗುತ್ತಿತ್ತು. ನನ್ನ ಕುರ್ಚಿ ಉಳಿಯಲೆಂದು ನಾನೂರು ಹೆಂಗಸರಿಗೆ ನಾಮ ಹಾಕಿದೆ, ಅಷ್ಟೇ.

ಅಕ್ಕ ರಿಟೈರ್ ಆದ ತಿಂಗಳೇ ಕಂಪನಿಯ ವ್ಯಾನ್ ಡ್ರೈವರೂ ರಿಟೈರ್ ಆದ. ಹದಿನಾಲ್ಕು ವರ್ಷದ ಸರ್ವಿಸ್. ಅವನು ಸ್ಟಾಫ್ ಪಟ್ಟಿಯಲ್ಲಿದ್ದವನು, ಅವನಿಗೆ ಯಾರೂ ಟೀ ಕುಡಿಸಿ ಸಹಿ ಹಾಕಿಸಿರಲಿಲ್ಲ. ಗ್ರಾಚ್ಯುಟಿ ಚೆಕ್ ಹಿಡಿದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಸಿಹಿ ಹಂಚಿದ. ಅಕ್ಕ ಸಿಹಿ ತಿಂದು ನೆಟ್ಟಗೆ ಮ್ಯಾನೇಜರನ ಕೋಣೆಗೆ ಹೋದಳು. ಅವನು ಟೀ ತರಿಸಲಿಲ್ಲ. "ನಿಮ್ಮ ಟೋಕನ್‌ಗೆ ಮೂರು ವರ್ಷ ಎರಡು ತಿಂಗಳಾಗಿದೆಯಮ್ಮ. ಐದು ವರ್ಷ ಆಗಿದ್ರೆ ಕೊಡ್ತಿದ್ವಿ" ಎಂದು ಕೈ ತೊಳೆದುಕೊಂಡ.

ಮಾರನೇ ದಿನ ಊಟದ ಹೊತ್ತಿಗೆ ಅವಳು ನನ್ನ ಕಿಟಕಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಇಪ್ಪತ್ತೊಂದು ವರ್ಷದ ಸ್ಲಿಪ್ಪುಗಳು, ವರ್ಷ ವರ್ಷಕ್ಕೂ ದಾರ ಕಟ್ಟಿ ಇಟ್ಟದ್ದು. ಇನ್ನೂರ ಐವತ್ತೆರಡು.

"ಗುಮಾಸ್ತ್ರೇ, ನಿನ್ನೆ ರಾತ್ರಿ ಪೂರ್ತಿ ಹುಡುಕ್ದೆ. ಗ್ರಾಚ್ಯುಟಿ ಅನ್ನೋ ಸಾಲು ಒಂದರಲ್ಲೂ ಇಲ್ಲ. ಕಟ್ ಆಗಿಲ್ಲ, ಅದಕ್ಕೇ ನನಗೆ ಬಂದಿಲ್ವಾ?"

ನಿಜ ಹೇಳಿದೆ. ಅದು ಕಟ್ ಆಗುವುದೇ ಅಲ್ಲ, ಕಂಪನಿಯೇ ಕೊಡಬೇಕು ಎಂದೆ. ಐದು ವರ್ಷದ ನಿಯಮ ಹೇಳಿದೆ, ಐದು ರಾಜೀನಾಮೆ ಯಾಕೆ ಬರೆಸಿಕೊಂಡರೆಂದೂ ಹೇಳಿದೆ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಕೊನೆಯ ಬೇಸಿಕ್ ಮತ್ತು ಡಿಎ ಹದಿಮೂರು ಸಾವಿರ. ಕಾಯ್ದೆಯ ಪ್ರಕಾರ ಇಪ್ಪತ್ತಾರರಿಂದ ಭಾಗಿಸಿದರೆ ದಿನಕ್ಕೆ ಐನೂರು, ಹದಿನೈದು ದಿನಕ್ಕೆ ಏಳೂವರೆ ಸಾವಿರ, ಇಪ್ಪತ್ತೊಂದು ವರ್ಷಕ್ಕೆ ಒಂದು ಲಕ್ಷದ ಐವತ್ತೇಳು ಸಾವಿರದ ಐನೂರು.

ಅಕ್ಕ ಆ ಕಾಗದ ನೋಡುತ್ತ ನಿಂತಳು. ಆಮೇಲೆ ಅವಳ ಬಾಯಿಂದ ಬಂದ ಬೈಗುಳ ನಾನಿಲ್ಲಿ ಬರೆಯುವಂಥದ್ದಲ್ಲ. ಮ್ಯಾನೇಜರನ ಅಪ್ಪ ಅಜ್ಜ ಯಾರನ್ನೂ ಬಿಡಲಿಲ್ಲ. ಉಸಿರು ತಿರುಗಿಸಿಕೊಂಡು ನೆಲದ ಮೇಲೆ ಕೂತಳು, ಸ್ಲಿಪ್ಪುಗಳನ್ನು ಅಲ್ಲೇ ಹರವಿದಳು. ಐದು ಜೋಡಿ ಆರಿಸಿ ತೆಗೆದಳು. ತುಂಬು ಸಂಬಳದ ತಿಂಗಳುಗಳು.

"ಇಲ್ಲಿ ಪಿಎಫ್ ಇಲ್ಲ. ಸರಿ. ನಾನು ಮನೇಲಿದ್ದೆ ಅಂತ ತಾನೇ ನಿಮ್ಮ ಲೆಕ್ಕ?" ಅವಳ ಬೆರಳು ಒಂದು ಸಾಲು ಕೆಳಗಿಳಿಯಿತು. "ಇಎಸ್‌ಐ ಇದ್ಯಲ್ರೀ! ಹತ್ತೂ ತಿಂಗಳು ಇದೆ. ಮನೇಲಿ ಕೂತವಳಿಗೆ ಯಾವ ಸಂಬಳದಿಂದ ಇಎಸ್‌ಐ ಕಟ್ ಮಾಡಿದ್ರಿ?"

ನಾನು ಬೆಪ್ಪಾದೆ. ಇಷ್ಟು ವರ್ಷ ಆ ಸ್ಲಿಪ್ಪುಗಳನ್ನು ನಾನೇ ಕೊಟ್ಟಿದ್ದೇನೆ, ನನಗೆ ಹೊಳೆದಿರಲಿಲ್ಲ. ಇಎಸ್‌ಐ ಯಾಕೆ ಮುಂದುವರಿಸುತ್ತಿದ್ದರೆಂಬುದು ಮಾತ್ರ ಗೊತ್ತಿತ್ತು. ಆ ತಿಂಗಳಲ್ಲಿ ಯಾರ ಬೆರಳಿಗಾದರೂ ಸೂಜಿ ಹೊಕ್ಕರೆ, ಇಎಸ್‌ಐ ಕಟ್ಟಿರದಿದ್ದರೆ ಖರ್ಚೆಲ್ಲ ಕಂಪನಿಯ ತಲೆಗೆ ಬರುತ್ತದೆ. ಆ ಭಯಕ್ಕೆ ಅದನ್ನು ನಿಲ್ಲಿಸುತ್ತಿರಲಿಲ್ಲ. ಹೆಂಗಸರ ಗ್ರಾಚ್ಯುಟಿ ನುಂಗುವಾಗಲೂ ತಮ್ಮ ಚರ್ಮ ಉಳಿಸಿಕೊಳ್ಳಲು ಮರೆಯದ ಜಾಣರು. ಅದೂ ಅಲ್ಲದೆ ಇಎಸ್‌ಐ ನಂಬರ್ ಟೋಕನ್ ಜೊತೆ ಬದಲಾಗುವುದಿಲ್ಲ, ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ.

"ಕಾರ್ಮಿಕ ಇಲಾಖೆಗೆ ಹೋಗಿ ಅಕ್ಕ. ಗ್ರಾಚ್ಯುಟಿಗೆ ಅಲ್ಲೊಬ್ಬ ಅಧಿಕಾರಿ ಇರ್ತಾರೆ. ಮೊದಲು ಕಂಪನಿಗೆ ಬರವಣಿಗೇಲಿ ಅರ್ಜಿ ಕೊಡಿ, ಇಲ್ಲ ಅಂದ್ರೆ ಅದನ್ನ ತಗೊಂಡು ಅವರ ಹತ್ರ ಹೋಗಿ. ಇಎಸ್‌ಐ ಆಫೀಸಲ್ಲಿ ನಿಮ್ಮ ನಂಬರಿಗೆ ಯಾವ್ಯಾವ ತಿಂಗಳು ಹಣ ಕಟ್ಟಿದೆ ಅಂತ ಪಟ್ಟಿ ಕೇಳಿ" ಎಂದೆ. ಆಮೇಲೆ, ನನ್ನ ಬಾಯಿಗೆ ಮಣ್ಣು ಬೀಳಲಿ, ಇದನ್ನೂ ಸೇರಿಸಿದೆ. "ನಾನು ಹೇಳಿದ್ದು ಅಂತ ಎಲ್ಲೂ ಬಾಯಿ ಬಿಡಬೇಡಿ."

ಅಕ್ಕ ನನ್ನ ಮುಖ ನೋಡಿದಳು. ಸ್ಲಿಪ್ಪುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು.

ಅರ್ಜಿಗೆ ಕಂಪನಿ ಇಲ್ಲವೆಂದಿತು, ಅಕ್ಕ ಕಾರ್ಮಿಕ ಇಲಾಖೆಗೆ ಏಳು ತಿಂಗಳು ಓಡಾಡಿದಳು. ಎರಡು ಬಸ್ಸು ಬದಲಿಸಿ ಹೋಗಬೇಕು, ಹೋದರೆ ಕಂಪನಿ ವಕೀಲ ಬಂದಿರುವುದಿಲ್ಲ, ಬಂದರೆ ಕಾಗದ ತಂದಿರುವುದಿಲ್ಲ. ಅತ್ತ ತಮ್ಮನ ಮನೆಯಲ್ಲಿ ನಾದಿನಿ, ಸಂಬಳ ನಿಂತ ತಿಂಗಳಿನಿಂದಲೇ ಅನ್ನ ಬಡಿಸುವಾಗ ಸೌಟು ಸದ್ದು ಮಾಡಲು ಶುರುಮಾಡಿದ್ದಳಂತೆ. ಕೊನೆಗೆ ಅಧಿಕಾರಿ, ಹಾಜರಿ ಪುಸ್ತಕ ಮತ್ತು ರಾಜೀನಾಮೆ ಪತ್ರಗಳನ್ನು ತರಲೇಬೇಕು ಎಂದು ತಾಕೀತು ಮಾಡಿದರು. ಅವನ್ನು ಹೊತ್ತುಕೊಂಡು ಹೋಗಲು, ಕಂಪನಿ ಕಡೆಯ ಸಾಕ್ಷಿಯಾಗಿ ನಿಲ್ಲಲು ಮ್ಯಾನೇಜರ್ ಆರಿಸಿದ್ದು ನನ್ನನ್ನು.

ಹೋಗುವಾಗ ಕಾರಿನಲ್ಲಿ ವಕೀಲರು ಪಾಠ ಹೇಳಿಕೊಟ್ಟರು. "ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ರು, ಎರಡು ತಿಂಗಳು ಬಿಟ್ಟು ಬಂದು ಹೊಸದಾಗಿ ಸೇರಿದ್ರು. ಇಷ್ಟೇ ಹೇಳಿ. ಜಾಸ್ತಿ ಮಾತು ಬೇಡ." ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನನಗೆ ಒಳ್ಳೆ ಅನುಭವವಿದೆ.

ಕಚೇರಿ ಎರಡನೇ ಮಹಡಿಯಲ್ಲಿತ್ತು. ಉದ್ದ ಮೇಜು, ಕಡತಗಳ ರಾಶಿ, ತಿರುಗಲೋ ಬೇಡವೋ ಎನ್ನುವ ಫ್ಯಾನು. ಅಧಿಕಾರಿ ಕನ್ನಡಕದ ಮೇಲಿನಿಂದ ನೋಡುವ ನಡುವಯಸ್ಸಿನ ಹೆಂಗಸು. ಅಕ್ಕ ಒಬ್ಬಳೇ ಬಂದಿದ್ದಳು. ವಕೀಲರು ಐದೂ ರಾಜೀನಾಮೆ ಪತ್ರಗಳನ್ನು ಮುಂದಿಟ್ಟು, "ಮೇಡಂ, ಎಲ್ಲದರ ಮೇಲೂ ಇವರದೇ ಸಹಿ. ಪಿಎಫ್ ಹಣನೂ ತಗೊಂಡಿದ್ದಾರೆ. ಈಗ ಇಪ್ಪತ್ತೊಂದು ವರ್ಷದ ಗ್ರಾಚ್ಯುಟಿ ಕೇಳಿದ್ರೆ ಹೇಗೆ?" ಎಂದರು.

ಅಧಿಕಾರಿ ಅಕ್ಕನ ಕಡೆ ತಿರುಗಿದರು. ಅಕ್ಕ ಇಎಸ್‌ಐ ಪಟ್ಟಿ ಬಿಡಿಸಿಟ್ಟಳು. ಇಪ್ಪತ್ತೊಂದು ವರ್ಷದಲ್ಲಿ ಒಂದು ತಿಂಗಳೂ ಖಾಲಿ ಇರಲಿಲ್ಲ. ಅದರ ಮೇಲೆ ಇನ್ನೊಂದು ಕಾಗದ. ಮೂರನೇ ರಾಜೀನಾಮೆಯಾಗಿ ಇಪ್ಪತ್ತು ದಿನಕ್ಕೆ ಅವಳ ತೋರುಬೆರಳಿಗೆ ಸೂಜಿ ಹೊಕ್ಕಿತ್ತು. 'ಕರ್ತವ್ಯದಲ್ಲಿದ್ದಾಗ' ಆದ ಅಪಘಾತ ಎಂದು ಇಎಸ್‌ಐಗೆ ವರದಿ ಕೊಟ್ಟು ಕೆಳಗೆ ಸಹಿ ಹಾಕಿದ್ದವನು ನಮ್ಮ ಮ್ಯಾನೇಜರೇ.

ವಕೀಲರು ಆ ವರದಿಯನ್ನು ಎರಡು ಸಲ ಓದಿದರು. "ಅದು... ಕಣ್ತಪ್ಪಿನಿಂದ ಆಗಿರಬೇಕು ಮೇಡಂ. ಏನೇ ಇದ್ರೂ ಇವರು ಓದಿ, ಅರ್ಥ ಮಾಡ್ಕೊಂಡೇ ರಾಜೀನಾಮೆಗೆ ಸಹಿ ಹಾಕಿದ್ದಾರೆ" ಎಂದರು.

"ಏನಮ್ಮ, ಸಹಿ ಹಾಕುವಾಗ ನಿಮ್ಮ ಸರ್ವಿಸ್ ತುಂಡಾಗುತ್ತೆ ಅಂತ ಗೊತ್ತಿತ್ತಾ?" ಅಧಿಕಾರಿ ಕೇಳಿದರು.

"ನನಗೆ ಗೊತ್ತಿರ್ಲಿಲ್ಲ ಮೇಡಂ." ಅಕ್ಕ ಮ್ಯಾನೇಜರನ ಹೆಸರೆತ್ತುತ್ತಾಳೆ ಎಂದುಕೊಂಡೆ. ಅವಳ ಕೈ ನನ್ನ ಕಡೆ ಚಾಚಿತು. "ಅಲ್ಲಿ ನಿಂತಿದ್ದಾರಲ್ಲ, ಬರೆದುಕೊಟ್ಟವರು. ಅವರಿಗೆ ಗೊತ್ತಿತ್ತಾ ಕೇಳಿ."

ವಕೀಲರು ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಇಷ್ಟು ಜನರ ಮುಂದೆ ನನ್ನ ಮಾನ ತೆಗೆದಳಲ್ಲ ಎಂದು ಮೊದಲು ಅಕ್ಕನ ಮೇಲೆಯೇ ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಮೇಜಿನ ಮೇಲೆ ಸಾಲಾಗಿಟ್ಟ ಆ ಐದು ಪತ್ರ ಕಂಡವು. ಒಂದೇ ಕೈಬರಹ, ಒಂದೇ ವಾಕ್ಯ, ಐದು ಸಲ 'ಮನೆಯ ಕಾರಣಗಳಿಂದಾಗಿ'. ಯಾವ ಮನೆ? ಅಡುಗೆಮನೆಯ ಮೂಲೆಯೇ?

"ಗೊತ್ತಿತ್ತು ಮೇಡಂ" ಎಂದೆ. "ಅವರು ಒಂದು ದಿನವೂ ಕೆಲಸ ಬಿಟ್ಟಿಲ್ಲ. ಹಾಜರಿ ಪುಸ್ತಕದಲ್ಲಿ ಆ ತಿಂಗಳು ಅವರ ಹೆಸರನ್ನ ದಿನಗೂಲಿ ಹಾಳೆಗೆ ಹಾಕಿರ್ತೀವಿ, ನೋಡಿ. ರಾಜೀನಾಮೆ ನಾವು ಬರೆಸಿದ್ದು. ಗ್ರಾಚ್ಯುಟಿ ಕೊಡೋದು ತಪ್ಪಿಸೋಕೆ ಬರೆಸಿದ್ದು. ಬರೆದಿದ್ದಕ್ಕೆ ಇವರ ಹತ್ರಾನೇ ನಾನು ಇಪ್ಪತ್ತು ಇಪ್ಪತ್ತು ರೂಪಾಯಿ ಇಸ್ಕೊಂಡಿದ್ದೀನಿ."

ವಕೀಲರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು. ಅಧಿಕಾರಿ ಬರೆದುಕೊಂಡು, ನನ್ನಿಂದ ಸಹಿ ಹಾಕಿಸಿಕೊಂಡರು. ಬರುವಾಗ ನನಗೆ ಕಾರಿನಲ್ಲಿ ಜಾಗವಿರಲಿಲ್ಲ.

ಒಂದೂವರೆ ತಿಂಗಳಿಗೆ ಆದೇಶ ಬಂತು. ಸೇವೆ ಇಪ್ಪತ್ತೊಂದು ವರ್ಷವೂ ನಿರಂತರ, ಕಾಗದದ ರಾಜೀನಾಮೆಗೆ ಬೆಲೆಯಿಲ್ಲ, ಒಂದು ಲಕ್ಷದ ಐವತ್ತೇಳು ಸಾವಿರದ ಐನೂರು ಬಡ್ಡಿಸಮೇತ ಕೊಡಬೇಕು. ಕಂಪನಿ ಮೇಲ್ಮನವಿಯ ಮಾತಾಡಿ, ಉಳಿದ ಹೆಂಗಸರಿಗೂ ವಿಷಯ ತಿಳಿದೀತೆಂದು ಹೆದರಿ ಗಪ್‌ಚುಪ್ಪಾಗಿ ಚೆಕ್ ಬರೆಯಿತು. ನನ್ನನ್ನು ಗೋಡೌನಿಗೆ ಹಾಕಿದರು. ಈಗ ಬಟ್ಟೆ ಥಾನು ಎಣಿಸುತ್ತೇನೆ. ಕೆಲಸದಿಂದ ತೆಗೆಯುವ ಧೈರ್ಯ ಅವರಿಗಿಲ್ಲ, ನನ್ನ ತಲೆಯಲ್ಲಿ ಇನ್ನೂ ಎಷ್ಟು ಪತ್ರಗಳಿವೆ ಎಂದು ಅವರಿಗೆ ಗೊತ್ತು.

ಚೆಕ್ಕಿನ ಹಣ ಕೈಗೆ ಬಂದ ಮೇಲೆ ಒಂದು ದಿನ ಅಕ್ಕ ಗೋಡೌನಿಗೆ ಬಂದಳು. ರೂಮು ಸಿಕ್ಕಿತಂತೆ, ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದಾಳಂತೆ. ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಪಿಎಫ್ ಆಫೀಸಿಗೆ ಹೋಗಿದ್ದೆ. ಪಿಂಚಣಿ ಇಲ್ವಂತೆ. ಐದು ಸಲಾನೂ ನಾನೇ ಬಿಡಿಸ್ಕೊಂಡಿದ್ದೀನಂತೆ. ಉಳಿದಿರೋದು ಬರೀ ಮೂರು ವರ್ಷದ್ದಂತೆ. ನಿಜಾನಾ?"

"ನಿಜ ಅಕ್ಕ. ಅದು ಇನ್ನು ಬರಲ್ಲ."

"ಬಿಡಿಸದೆ ಇದ್ದಿದ್ರೆ?"

ಸುಳ್ಳು ಹೇಳಬಹುದಿತ್ತು. "ತಿಂಗಳಿಗೆ ಮೂರು ಸಾವಿರದ ಮೇಲೆ ಬರ್ತಿತ್ತು. ನೀವಿರೋವರೆಗೂ."

ಅವಳು ಥಾನಿನ ರಾಶಿಗೆ ಕೈಯೂರಿದಳು. ರೂಮಿನ ಬಾಡಿಗೆ ಎಷ್ಟೆಂದು ಕೇಳಿದೆ, ಕೇಳಬಾರದಿತ್ತು. ಮೂರು ಸಾವಿರ ಎಂದಳು.

"ನಾನು ಆವತ್ತು ನಿಜ ಹೇಳಿದೆ ಅಕ್ಕ..." ಎಂದು ಏನೋ ತೊದಲಿದೆ. ಕ್ಷಮಿಸಿದೆ ಎನ್ನುತ್ತಾಳೆಂದು ಒಳಗೊಳಗೇ ಆಸೆಯಿತ್ತು.

"ಹೇಳಿದ್ರಿ. ನಾನು ಬೆರಳು ಮಾಡಿ ತೋರಿಸಿದ ಮೇಲೆ ಹೇಳಿದ್ರಿ." ಅವಳ ದನಿ ಏರಲಿಲ್ಲ, ಏರಿದ್ದರೆ ನನಗೆ ಸಲೀಸಾಗುತ್ತಿತ್ತು. "ಅಡ್ವಾನ್ಸ್ ಕೊಟ್ಟಾಯ್ತು. ಇನ್ನು ಬಾಡಿಗೆಗೆ ಈ ವಯಸ್ಸಲ್ಲಿ ಮತ್ತೆ ಹೊಲೀಬೇಕು. ಪ್ರತಿ ತಿಂಗಳು ಬಾಡಿಗೆ ಕೊಡುವಾಗ ನಿಮ್ಮನ್ನ ಬೈಕೊಂಡೇ ಕೊಡ್ತೀನಿ, ತಿಳ್ಕೊಳ್ಳಿ."

ಹೋದಳು. ಬಾಡಿಗೆ ಕೊಡುವುದು ಯಾವ ತಾರೀಕಿಗೆಂದು ನಾನು ಕೇಳಲಿಲ್ಲ. ಅಂದಿನಿಂದ ತಿಂಗಳ ಮೊದಲ ಹತ್ತು ದಿನ ನನಗೆ ಊಟ ಸೇರುವುದಿಲ್ಲ.